ಬ್ರಾಂಡಿನ ಆರು ಮುಖಗಳು: ಮೈಸೂರು ಸ್ಯಾಂಡಲ್ ಸೋಪನ್ನು ಪ್ರಿಸಂನಲ್ಲಿ ನೋಡಿದಾಗ

ಬ್ರಾಂಡ್ ಅಸ್ಮಿತೆಯ ಪ್ರಿಸಂ ಎಂದರೆ ಒಂದು ಬ್ರಾಂಡಿನ ಸ್ವಭಾವವನ್ನು ಆರು ಮುಖಗಳಾಗಿ ಬಿಡಿಸಿ ಒಂದೇ ಹಾಳೆಯ ಮೇಲೆ ಬರೆದಿಡುವ ವಿಧಾನ. ದೇಹರೂಪ, ವ್ಯಕ್ತಿತ್ವ, ಸಂಸ್ಕೃತಿ, ಸಂಬಂಧ, ಪ್ರತಿಬಿಂಬ, ಸ್ವಬಿಂಬ ಎಂಬುವು ಆ ಆರು ಮುಖಗಳು. ಪ್ಯಾರಿಸ್ಸಿನ ಹೆಸರಾಂತ ವಾಣಿಜ್ಯ ಶಾಲೆ ಎಚ್‌ಇಸಿಯಲ್ಲಿ ಪ್ರಾಧ್ಯಾಪಕರಾಗಿದ್ದ ಝಾನ್-ನೊಯೆಲ್ ಕಾಪ್ಫೆರೆರ್ 1980ರ ದಶಕದಲ್ಲಿ ಇದನ್ನು ರೂಪಿಸಿದರು. ಬ್ರಾಂಡ್ ನಿರ್ವಹಣೆಯ ಬಗ್ಗೆ ಅವರು ಬರೆದ ಪುಸ್ತಕದ ಮೂಲಕ ಅದು ಜಗತ್ತಿನ ಬಿಸಿನೆಸ್ ಸ್ಕೂಲುಗಳಿಗೂ ಜಾಹೀರಾತು ಕಂಪನಿಗಳಿಗೂ ಹಬ್ಬಿತು.

ಕಾಪ್ಫೆರೆರ್ ಅವರ ಮೂಲ ಆಲೋಚನೆ ಸರಳವಾದದ್ದು. ಯಾವ ಮಾತಿಗಾದರೂ ಆಡುವವರು ಒಬ್ಬರಿರುತ್ತಾರೆ, ಕೇಳುವವರು ಒಬ್ಬರಿರುತ್ತಾರೆ. ಬ್ರಾಂಡು ತನ್ನ ಪೊಟ್ಟಣ, ಬೆಲೆ, ಜಾಹೀರಾತುಗಳ ಮೂಲಕ ಸದಾ ಮಾತನಾಡುತ್ತಲೇ ಇರುತ್ತದೆ. ಹಾಗೆ ಆಡುವಾಗ ಆಡುವವರ ಚಿತ್ರವೊಂದು ಮೂಡುತ್ತದೆ, ಯಾರನ್ನು ಉದ್ದೇಶಿಸಿ ಆಡಲಾಗಿದೆಯೋ ಅವರ ಚಿತ್ರವೂ ಮೂಡುತ್ತದೆ. ಆದ್ದರಿಂದ ಅವರು ಬರೆದ ಷಟ್ಕೋನದ ಮೇಲ್ತುದಿಯಲ್ಲಿ ಆಡುವವರ ಚಿತ್ರ ಕಟ್ಟಿಕೊಡುವ ದೇಹರೂಪ ಮತ್ತು ವ್ಯಕ್ತಿತ್ವ ಇವೆ. ಕೆಳತುದಿಯಲ್ಲಿ ಕೇಳುವವರ ಚಿತ್ರವಾದ ಪ್ರತಿಬಿಂಬ ಮತ್ತು ಸ್ವಬಿಂಬ ಇವೆ. ಇವೆರಡನ್ನು ಬೆಸೆಯುವ ಸಂಬಂಧ ಮತ್ತು ಸಂಸ್ಕೃತಿ ನಡುವೆ ನಿಲ್ಲುತ್ತವೆ. ಎಡಬದಿಯ ಮೂರು ಮುಖಗಳಾದ ದೇಹರೂಪ, ಸಂಬಂಧ, ಪ್ರತಿಬಿಂಬಗಳು ಹೊರಗಿನವರಿಗೆ ಕಾಣುವಂಥವು. ಬಲಬದಿಯ ವ್ಯಕ್ತಿತ್ವ, ಸಂಸ್ಕೃತಿ, ಸ್ವಬಿಂಬಗಳು ಒಳಗಿನವು, ಊಹಿಸಿ ತಿಳಿಯಬೇಕಾದಂಥವು. ಚಿತ್ರದ ಈ ಜೋಡಣೆಯನ್ನು ಮರೆತು ಆರು ಖಾಲಿ ಚೌಕಗಳೆಂದು ತುಂಬಿಸಹೊರಟರೆ ಪ್ರಿಸಂನಿಂದ ಹೆಚ್ಚಿನ ಉಪಯೋಗವಾಗದು. ಒಂದು ಮುಖ ಇನ್ನೊಂದನ್ನು ಪರೀಕ್ಷಿಸುವುದರಲ್ಲೇ ಅದರ ಶಕ್ತಿ ಇದೆ.

ಈ ಮಾತು ಮನದಟ್ಟಾಗಲು ಮೈಸೂರು ಸ್ಯಾಂಡಲ್ ಸೋಪಿನಂಥ ಉದಾಹರಣೆ ಸಿಗುವುದು ಅಪರೂಪ. ನೂರು ವರ್ಷ ದಾಟಿದ ಬ್ರಾಂಡು ಅದು. ಅದರ ಇತಿಹಾಸ ಸ್ಪಷ್ಟವಾಗಿದೆ, ರೂಪ ಹೆಚ್ಚು ಬದಲಾಗಿಲ್ಲ. ಈಚೆಗೆ ಅದರ ಸುತ್ತ ಎದ್ದ ಒಂದು ಸಾರ್ವಜನಿಕ ಚರ್ಚೆ ಪ್ರಿಸಂನ ಮುಖಗಳು ಒಂದಕ್ಕೊಂದು ತಾಕಲಾಡುವುದು ಹೇಗೆ ಎಂಬುದನ್ನು ಕಣ್ಣೆದುರು ತಂದಿತು. ಮುಂದೆ ಬರುವ ಪ್ರಿಸಂ ಆ ಸಂಸ್ಥೆಯ ಅಧಿಕೃತ ದಾಖಲೆಯಲ್ಲ. ಎಲ್ಲರ ಕಣ್ಣಿಗೂ ಬೀಳುವ ಸಂಗತಿಗಳನ್ನು ಆಧರಿಸಿ ಕಟ್ಟಿದ್ದು.

ಕೆಲಸ ಶುರುವಾಗಬೇಕಾದ್ದು ಗ್ರಾಹಕರ ಸಮೀಕ್ಷೆಯಿಂದಲ್ಲ. ಬ್ರಾಂಡು ಹೇಗಿರಬೇಕು ಎಂದು ಗ್ರಾಹಕರನ್ನು ಕೇಳಿದರೆ ಅಗ್ಗವಾಗಿರಲಿ, ಚೆನ್ನಾಗಿರಲಿ, ಎಲ್ಲ ಕಡೆ ಸಿಗಲಿ ಎಂದೇ ಹೇಳುತ್ತಾರೆ. ಆ ಉತ್ತರ ಯಾವ ಸೋಪಿಗೂ ಒಪ್ಪುತ್ತದೆ. ಅಸ್ಮಿತೆಯ ಬೇರುಗಳನ್ನು ಬ್ರಾಂಡಿನಲ್ಲೇ ಹುಡುಕಬೇಕು ಎನ್ನುವುದು ಕಾಪ್ಫೆರೆರ್ ಅವರ ಸಲಹೆ. ಅದರ ಪ್ರಮುಖ ಉತ್ಪನ್ನ ಯಾವುದು, ಹೆಸರು ಏನು ಹೇಳುತ್ತದೆ, ಲಾಂಛನದಲ್ಲಿ ಏನಿದೆ, ಹುಟ್ಟಿದ ಊರು ಯಾವುದು, ಹುಟ್ಟಿಸಿದವರು ಯಾರು, ಇಷ್ಟು ವರ್ಷ ಅದು ಯಾವ ದನಿಯಲ್ಲಿ ಜಾಹೀರಾತು ಮಾಡಿತು ಎಂಬುದನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ನೋಡಬೇಕು. ಮೈಸೂರು ಸ್ಯಾಂಡಲ್ ವಿಷಯದಲ್ಲಿ ಈ ಸಾಮಗ್ರಿ ಧಾರಾಳವಾಗಿದೆ.

ಮೊದಲು ದೇಹರೂಪ. ಬ್ರಾಂಡಿನ ಹೆಸರು ಕೇಳಿದೊಡನೆ ಕಣ್ಣಿಗೆ, ಮೂಗಿಗೆ, ಕೈಗೆ ನೆನಪಾಗುವುದೆಲ್ಲ ಈ ಮುಖಕ್ಕೆ ಸೇರುತ್ತದೆ. ಮೈಸೂರು ಸ್ಯಾಂಡಲ್ ಅಂದರೆ ಅಂಡಾಕಾರದ ಸೋಪು. ಉಳಿದ ಸೋಪುಗಳು ಇಟ್ಟಿಗೆಯಂತೆ ಚೌಕವಾಗಿದ್ದ ಕಾಲದಲ್ಲಿ ಈ ಆಕಾರವನ್ನು ಆರಿಸಿಕೊಳ್ಳಲಾಯಿತು. ಒಡವೆಯ ಪೆಟ್ಟಿಗೆಯನ್ನು ಹೋಲುವ, ಹೂವಿನ ಚಿತ್ತಾರದ ರಟ್ಟಿನ ಡಬ್ಬಿಯೂ ಆಗಲೇ ಬಂತು. ಡಬ್ಬಿಯ ಮೇಲೆ ಸಿಂಹದ ಮೈ, ಆನೆಯ ಸೊಂಡಿಲು ಇರುವ ಶರಭದ ಲಾಂಛನವಿದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಪರಿಮಳ. ಡಬ್ಬಿ ತೆರೆದ ಕೂಡಲೇ ಬಚ್ಚಲಿನಾಚೆಗೂ ಹರಡುವ ಗಂಧದ ವಾಸನೆಯನ್ನು ಕಣ್ಣು ಮುಚ್ಚಿಕೊಂಡೂ ಗುರುತಿಸಬಹುದು. ಅಪ್ಪಟ ಶ್ರೀಗಂಧದ ಎಣ್ಣೆಯಿಂದ ಮಾಡಿದ್ದು ಎಂಬುದು ಸಂಸ್ಥೆಯ ಬಹುಕಾಲದ ಘೋಷಣೆ. ಈ ಸೋಪಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ.

ದೇಹರೂಪದ ಚೌಕವನ್ನು ಭರ್ತಿ ಮಾಡುವಾಗ ಕಣ್ಣಿಗೆ ಕಂಡದ್ದನ್ನೆಲ್ಲ ಪಟ್ಟಿ ಮಾಡುವುದು ಸಾಮಾನ್ಯವಾಗಿ ಆಗುವ ತಪ್ಪು. ಬದಲಾಯಿಸಿದರೆ ಬ್ರಾಂಡೇ ಬೇರೆಯಾಗಿಬಿಡುತ್ತದೆ ಎನ್ನುವಂಥದ್ದನ್ನು ಮಾತ್ರ ಅಲ್ಲಿ ಬರೆಯಬೇಕು. ಡಬ್ಬಿಯ ಬಣ್ಣ ಸ್ವಲ್ಪ ತಿಳಿಯಾದರೆ ಯಾರೂ ಗಮನಿಸುವುದಿಲ್ಲ. ಸೋಪಿನ ಆಕಾರ ಆಯತವಾದರೆ, ಇಲ್ಲವೇ ಪರಿಮಳ ತೆಳುವಾದರೆ ಹಳೆಯ ಗ್ರಾಹಕರು ಅಂಗಡಿಯವನ ಮುಂದೆ ಡಬ್ಬಿ ಇಟ್ಟು ಇದು ಅಸಲಿಯೇ ಎಂದು ಕೇಳುತ್ತಾರೆ. ಹಾಗಾಗಿ ಇಲ್ಲಿ ಉಳಿಯಬೇಕಾದದ್ದು ಮೂರೇ: ಗಂಧದೆಣ್ಣೆಯ ಪರಿಮಳ, ಅಂಡಾಕಾರ, ಶರಭವಿರುವ ಒಡವೆಪೆಟ್ಟಿಗೆ.

ದೇಹರೂಪದ ಬಲವೂ ಮಿತಿಯೂ ಒಟ್ಟಿಗೇ ಕಾಣಿಸಿದ್ದು 2024ರ ಜನವರಿಯಲ್ಲಿ. ಹೈದರಾಬಾದಿನಲ್ಲಿ ಮೈಸೂರು ಸ್ಯಾಂಡಲ್ ಹೆಸರಿನ ನಕಲಿ ಸೋಪು ತಯಾರಿಸುತ್ತಿದ್ದ ಜಾಲವೊಂದು ಆಗ ಬಯಲಾಯಿತು. ನಕಲು ಮಾಡುವವರು ಕದಿಯಬಲ್ಲದ್ದು ಡಬ್ಬಿ, ಆಕಾರ, ಲಾಂಛನಗಳನ್ನು. ಅಂದರೆ ಪ್ರಿಸಂನ ಮೊದಲ ಮುಖವನ್ನು ಮಾತ್ರ. ಆದರೆ ಆ ಒಂದು ಮುಖವನ್ನು ಕದ್ದರೇ ಸಾಕು, ಮಾಲು ಮಾರಾಟವಾಗುತ್ತದೆ ಎಂಬ ಭರವಸೆ ಅವರಿಗೆ ಇರುವುದಕ್ಕೆ ಕಾರಣ ಉಳಿದ ಐದು ಮುಖಗಳು ಜನರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿರುವುದು.

ವ್ಯಕ್ತಿತ್ವ ಎರಡನೆಯ ಮುಖ. ಈ ಬ್ರಾಂಡು ಮನುಷ್ಯನಾಗಿದ್ದರೆ ಎಂಥವನಾಗಿರುತ್ತಿದ್ದ, ಎಂಥವಳಾಗಿರುತ್ತಿದ್ದಳು ಎಂಬುದು ಇಲ್ಲಿನ ಪ್ರಶ್ನೆ. ಮೈಸೂರು ಸ್ಯಾಂಡಲ್ ಬಗ್ಗೆ ಕೇಳಿದರೆ ಬೇಗನೆ ಬಾಯಿಗೆ ಬರುವ ಉತ್ತರ ಹಳೆಯದು, ಶುದ್ಧವಾದದ್ದು, ಸಾಂಪ್ರದಾಯಿಕವಾದದ್ದು ಎಂಬುದು. ಇವು ಮೂರೂ ವ್ಯಕ್ತಿತ್ವದ ಮಾತುಗಳಲ್ಲ. ಹಳೆಯದು ಎನ್ನುವುದು ಇತಿಹಾಸ, ಶುದ್ಧ ಎನ್ನುವುದು ಎಣ್ಣೆಯ ಗುಣ, ಸಂಪ್ರದಾಯ ಸಂಸ್ಕೃತಿಯ ಮುಖಕ್ಕೆ ಸೇರಬೇಕಾದದ್ದು. ಈ ಕಲಬೆರಕೆಯ ಬಗ್ಗೆ ಕಾಪ್ಫೆರೆರ್ ಅವರಿಗೆ ಗಂಭೀರವಾದ ತಕರಾರು ಇತ್ತು. ಅಮೆರಿಕದ ಜೆನಿಫರ್ ಆಕರ್ 1997ರಲ್ಲಿ ಬ್ರಾಂಡ್ ವ್ಯಕ್ತಿತ್ವವನ್ನು ಅಳೆಯುವ ಮಾಪಕವೊಂದನ್ನು ಪ್ರಕಟಿಸಿದ್ದರು. ಅದರಲ್ಲಿ ಮೇಲ್ವರ್ಗದ್ದು, ಹೆಣ್ತನದ್ದು ಎಂಬಂಥ ಪದಗಳೂ ಸೇರಿದ್ದವು. ಓದ್ರೆ ಅಜೂಲೇ ಅವರೊಂದಿಗೆ ಕಾಪ್ಫೆರೆರ್ 2003ರಲ್ಲಿ ಬರೆದ ಲೇಖನದಲ್ಲಿ, ಇವು ಬಳಸುವವರ ವರ್ಗ ಮತ್ತು ಲಿಂಗವನ್ನು ಹೇಳುತ್ತವೆಯೇ ಹೊರತು ಬ್ರಾಂಡಿನ ಸ್ವಭಾವವನ್ನಲ್ಲ ಎಂಬ ವಾದ ಮುಂದಿಟ್ಟರು. ಮನುಷ್ಯರ ಸ್ವಭಾವ ಹೇಳುವಾಗ ಬಳಸುವ ಮಾತುಗಳನ್ನೇ ಇಲ್ಲಿಯೂ ಬಳಸಬೇಕು ಎಂಬುದು ಅವರ ನಿಲುವಿನ ಸಾರ.

ಆ ಜರಡಿ ಹಿಡಿದರೆ ಮೈಸೂರು ಸ್ಯಾಂಡಲ್ ವ್ಯಕ್ತಿತ್ವಕ್ಕೆ ಮಿತಭಾಷಿ, ನಿಧಾನಸ್ಥ, ಮರ್ಯಾದಸ್ಥ ಎಂಬ ಮಾತುಗಳು ಉಳಿಯುತ್ತವೆ. ಅದು ಗಂಟಲು ಹರಿದುಕೊಂಡು ಕೂಗುವ ಬ್ರಾಂಡಲ್ಲ. ಡಬ್ಬಿಯ ಮೇಲೆ ಮಾಂತ್ರಿಕ ಫಲಿತಾಂಶದ ಭರವಸೆಯಿಲ್ಲ, ಏಳೇ ದಿನಗಳಲ್ಲಿ ಹೊಳಪು ಎಂಬಂಥ ಮಾತೂ ಇಲ್ಲ. ಗಂಭೀರವಾಗಿ ಕೂತು, ಕೇಳಿದ್ದಕ್ಕಷ್ಟೇ ಉತ್ತರ ಹೇಳುವ ಹಿರಿಯರ ದನಿ ಅದರದ್ದು. ಜಾಹೀರಾತು ಬರೆಯುವವರಿಗೆ ಈ ಮುಖ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಮಿತಭಾಷಿ ಎಂದು ಬರೆದುಕೊಂಡ ಮೇಲೆ ಕಿವಿಗಡಚಿಕ್ಕುವ ಜಿಂಗಲ್ ಹಾಕುವಂತಿಲ್ಲ.

ಸಂಸ್ಕೃತಿಯ ಮುಖ ಎಲ್ಲಕ್ಕಿಂತ ಆಳವಾದದ್ದು. ಬ್ರಾಂಡು ಯಾವ ಮೌಲ್ಯದಿಂದ ಹುಟ್ಟಿತು, ಜಗತ್ತು ಹೇಗಿರಬೇಕೆಂದು ಅದು ಬಯಸುತ್ತದೆ ಎಂಬುದನ್ನು ಇಲ್ಲಿ ಹೇಳಬೇಕು. ಹೆಚ್ಚಿನವರು ಈ ಚೌಕದಲ್ಲಿ ಕನ್ನಡ ಸಂಸ್ಕೃತಿ ಎಂದೋ ಭಾರತೀಯ ಪರಂಪರೆ ಎಂದೋ ಬರೆದು ಮುಂದೆ ಹೋಗುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ, ಏಕೆಂದರೆ ಅಗರಬತ್ತಿಗೂ ರೇಷ್ಮೆ ಸೀರೆಗೂ ಉಪ್ಪಿನಕಾಯಿಗೂ ಅದೇ ಮಾತು ಹೇಳಬಹುದು. ಮೈಸೂರು ಸ್ಯಾಂಡಲ್ ಹುಟ್ಟಿದ ಸಂದರ್ಭವನ್ನು ಹತ್ತಿರದಿಂದ ನೋಡಿದರೆ ಅದಕ್ಕಷ್ಟೇ ಸೇರಿದ ಮೌಲ್ಯವೊಂದು ಕೈಗೆ ಸಿಗುತ್ತದೆ.

ಮೈಸೂರು ಸಂಸ್ಥಾನದ ಕಾಡುಗಳಲ್ಲಿ ಶ್ರೀಗಂಧ ಹೇರಳವಾಗಿತ್ತು. ಗಂಧದ ಕೊರಡುಗಳು ಯುರೋಪಿಗೆ ಹೋಗಿ, ಅಲ್ಲಿ ಎಣ್ಣೆಯಾಗುತ್ತಿದ್ದವು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಆ ದಾರಿ ಕಟ್ಟಿತು, ಕೊರಡುಗಳು ಗೋದಾಮಿನಲ್ಲಿ ರಾಶಿ ಬಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆ, ಎಂ. ವಿಶ್ವೇಶ್ವರಯ್ಯ ದಿವಾನರಾಗಿದ್ದ ಕಾಲ ಅದು. ಎಣ್ಣೆಯನ್ನು ಇಲ್ಲೇ ತೆಗೆಯಬೇಕೆಂದು ಸರ್ಕಾರ ನಿರ್ಧರಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ಭಟ್ಟಿ ಇಳಿಸುವ ವಿಧಾನವನ್ನು ರೂಪಿಸಲು ನೆರವಾದರು. 1916ರಲ್ಲಿ ಎಣ್ಣೆಯ ತಯಾರಿಕೆ ಆರಂಭವಾಯಿತು. ಅದರ ಬೆನ್ನಿಗೇ ಸೋಪಿನ ಆಲೋಚನೆ ಬಂತು. ಎಸ್. ಜಿ. ಶಾಸ್ತ್ರಿ ಎಂಬ ರಸಾಯನತಜ್ಞರನ್ನು ಸೋಪಿನ ತಂತ್ರಜ್ಞಾನ ಕಲಿಯಲು ಇಂಗ್ಲೆಂಡಿಗೆ ಕಳುಹಿಸಲಾಯಿತು. ಅವರು ಹಿಂದಿರುಗಿ ಬಂದು ಗಂಧದ ಪರಿಮಳವನ್ನು ಸೋಪಿಗೆ ಹದವಾಗಿ ಬೆರೆಸಿದರು. ಸರ್ಕಾರಿ ಸಾಬೂನು ಕಾರ್ಖಾನೆ 1980ರಲ್ಲಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತ ಎಂಬ ಕಂಪನಿಯಾಯಿತು. ಮಾಲೀಕತ್ವ ಇಂದಿಗೂ ರಾಜ್ಯ ಸರ್ಕಾರದ್ದೇ.

ಈ ಕಥೆಯಿಂದ ಹೊರಡುವ ಮೌಲ್ಯ ಬರೀ ಸಂಪ್ರದಾಯವಲ್ಲ. ನಾಡಿನ ಕಚ್ಚಾವಸ್ತುವನ್ನು ಹೊರಗೆ ಮಾರಿಬಿಡದೆ, ವಿಜ್ಞಾನದ ಬಲದಿಂದ ಇಲ್ಲೇ ಸಿದ್ಧವಸ್ತುವಾಗಿ ಮಾಡಬೇಕೆಂಬ ಸ್ವಾವಲಂಬನೆಯ ಛಲ ಅದು. ಗಂಧ ದೇವರ ಕೋಣೆಯದು, ಹಬ್ಬ-ಮದುವೆಗಳದು ಎಂಬ ಪವಿತ್ರ ಭಾವ ಅದರ ಜೊತೆ ಸೇರಿಕೊಂಡಿದೆ. ಸಂಸ್ಕೃತಿಯ ಚೌಕದಲ್ಲಿ ಮೈಸೂರು ಸಂಸ್ಥಾನದ ಸ್ವಾವಲಂಬನೆ, ನಾಡಿಗೆ ಸೇರಿದ ಆಸ್ತಿ, ಗಂಧದ ಪಾವಿತ್ರ್ಯ ಎಂದು ಬರೆದರೆ ಅದು ಬೇರೆ ಯಾವ ಸೋಪಿಗೂ ಹೊಂದುವುದಿಲ್ಲ. ಚೌಕ ಸರಿಯಾಗಿ ತುಂಬಿದೆ ಎಂಬುದಕ್ಕೆ ಇದೇ ಗುರುತು. ಬ್ರಾಂಡಿನ ಮೇಲೆ ಬೀಳುವ ಹೊರೆಯನ್ನೂ ಈ ಮುಖವೇ ತೋರಿಸುತ್ತದೆ. ಕಳ್ಳಸಾಗಣೆ ಮತ್ತು ಅತಿಯಾದ ಕಡಿತದಿಂದ ಕರ್ನಾಟಕದ ಕಾಡುಗಳಲ್ಲಿ ಶ್ರೀಗಂಧ ಬಹಳಷ್ಟು ಬರಿದಾಗಿದೆ. ನಾಡಿನ ಗಂಧವೇ ನನ್ನ ಬೇರು ಎನ್ನುವ ಬ್ರಾಂಡಿಗೆ ಇದು ಕಚ್ಚಾವಸ್ತುವಿನ ಕೊರತೆ ಮಾತ್ರವಲ್ಲ, ಅಸ್ಮಿತೆಯ ಪ್ರಶ್ನೆಯೂ ಹೌದು.

ನಾಲ್ಕನೆಯದು ಸಂಬಂಧ. ಬ್ರಾಂಡು ಬಳಸುವವರೊಡನೆ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಇದು ಹೇಳುತ್ತದೆ. ಕೆಲವು ಬ್ರಾಂಡುಗಳು ಕೋಚ್‌ನಂತೆ ಹುರಿದುಂಬಿಸುತ್ತವೆ, ಕೆಲವು ವೈದ್ಯರಂತೆ ಎಚ್ಚರಿಸುತ್ತವೆ, ಕೆಲವು ಗೆಳೆಯರಂತೆ ಹೆಗಲ ಮೇಲೆ ಕೈ ಹಾಕುತ್ತವೆ. ಮೈಸೂರು ಸ್ಯಾಂಡಲ್ ಡಬ್ಬಿಯ ಮೇಲೆ ಮೊದಲಿನಿಂದ ಅಚ್ಚಾದ ಮಾತು ‘ಶ್ರೀಗಂಧದ ತವರಿನಿಂದ’ ಎಂಬುದು. ಅಂಗಡಿಯಿಂದ ಕೊಂಡದ್ದಾದರೂ ಮನೆಯವರು ಕೊಟ್ಟು ಕಳುಹಿಸಿದ ಉಡುಗೊರೆ ಎನ್ನುವ ಭಾವ ಅದರಲ್ಲಿದೆ. ಬೆಂಗಳೂರಿನಿಂದ ವಿದೇಶಕ್ಕೆ ಹೊರಟವರ ಸೂಟ್‌ಕೇಸಿನಲ್ಲಿ ಕಾಫಿಪುಡಿ, ಚಟ್ನಿಪುಡಿಗಳ ಪಕ್ಕ ಈ ಸೋಪಿನ ಡಬ್ಬಿಗೂ ಜಾಗ ಸಿಗುವುದು ಈ ಸಂಬಂಧದಿಂದಲೇ.

ಕೊನೆಯ ಎರಡು ಮುಖಗಳಾದ ಪ್ರತಿಬಿಂಬ ಮತ್ತು ಸ್ವಬಿಂಬಗಳ ವಿಷಯದಲ್ಲಿ ಹೆಚ್ಚು ಗೊಂದಲವಾಗುತ್ತದೆ. ಪ್ರತಿಬಿಂಬ ಎಂದರೆ ಈ ಬ್ರಾಂಡು ಬಳಸುವವರು ಎಂಥವರು ಎಂದು ಹೊರಗಿನವರ ಮನಸ್ಸಿನಲ್ಲಿ ಮೂಡುವ ಚಿತ್ರ. ಅದು ನಿಜವಾದ ಖರೀದಿದಾರರ ವರ್ಣನೆಯಲ್ಲ. ಕಾಪ್ಫೆರೆರ್ ಇದಕ್ಕೆ ಕೋಕಾ-ಕೋಲಾದ ಉದಾಹರಣೆ ಕೊಡುತ್ತಾರೆ. ಅದನ್ನು ಎಲ್ಲ ವಯಸ್ಸಿನವರೂ ಕುಡಿಯುತ್ತಾರೆ, ಆದರೆ ಅದರ ಪ್ರತಿಬಿಂಬ ಹದಿಹರೆಯದ ಹುಡುಗ ಹುಡುಗಿಯರದ್ದು. ಐವತ್ತು ದಾಟಿದವರು ಆ ಚಿತ್ರ ನೋಡಿ ಇದು ತಮಗಲ್ಲ ಎಂದು ದೂರ ಸರಿಯುವುದಿಲ್ಲ, ಆ ಹುರುಪು ತಮ್ಮಲ್ಲೂ ಇದೆ ಎಂದುಕೊಂಡು ಹತ್ತಿರ ಬರುತ್ತಾರೆ. ಮಾರುಕಟ್ಟೆ ಸಮೀಕ್ಷೆಯಲ್ಲಿ ಸಿಕ್ಕ ವಯಸ್ಸು, ಆದಾಯ, ಊರುಗಳ ಅಂಕಿಸಂಖ್ಯೆಯನ್ನು ಪ್ರತಿಬಿಂಬದ ಚೌಕದಲ್ಲಿ ಬರೆದರೆ ಪ್ರಿಸಂ ಅಲ್ಲಿಗೇ ಕೆಟ್ಟಂತೆ.

ಸ್ವಬಿಂಬ ಒಳಗಿನ ಕನ್ನಡಿ. ಬ್ರಾಂಡು ಬಳಸುವಾಗ ಬಳಸುವವರಿಗೆ ತಮ್ಮ ಬಗ್ಗೆಯೇ ಏನನ್ನಿಸುತ್ತದೆ ಎಂಬುದನ್ನು ಇದು ಹೇಳುತ್ತದೆ. ಪೋರ್ಷೆ ಕಾರು ಕೊಂಡ ಎಷ್ಟೋ ಜನ ಅದನ್ನು ನೆರೆಹೊರೆಗೆ ತೋರಿಸಲೆಂದು ಕೊಳ್ಳುವುದಿಲ್ಲ, ಇಂಥ ಕಾರು ಕೊಳ್ಳುವ ಮಟ್ಟಕ್ಕೆ ಬೆಳೆದೆ ಎಂದು ತಮಗೆ ತಾವೇ ಸಾಬೀತು ಮಾಡಿಕೊಳ್ಳಲು ಕೊಳ್ಳುತ್ತಾರೆ ಎನ್ನುತ್ತಾರೆ ಕಾಪ್ಫೆರೆರ್. ಹೊರಗಿನವರು ಕಾಣುವುದು ಶ್ರೀಮಂತ ಚಾಲಕನನ್ನು, ಚಾಲಕ ಕಾಣುವುದು ತನ್ನ ಶ್ರಮದ ಫಲವನ್ನು. ಒಂದೇ ಕಾರಿನ ಪ್ರತಿಬಿಂಬವೂ ಸ್ವಬಿಂಬವೂ ಇಷ್ಟು ಬೇರೆಯಾಗಿರಬಲ್ಲವು. ಇವೆರಡನ್ನು ಬೇರ್ಪಡಿಸಿ ತಿಳಿಯಲು ಬಳಕೆದಾರರಿಗೆ ಬೇರೆ ಬೇರೆ ಪ್ರಶ್ನೆ ಕೇಳಬೇಕು. ಈ ಸೋಪಿನ ಡಬ್ಬಿ ಯಾರ ಮನೆಯ ಬಚ್ಚಲಿನಲ್ಲಿ ಕಾಣಬಹುದು ಎಂದರೆ ಪ್ರತಿಬಿಂಬ ಹೊರಬರುತ್ತದೆ. ಬೇರೆ ಸೋಪು ಬಿಟ್ಟು ಇದನ್ನೇ ಕೈಗೆತ್ತಿಕೊಂಡಾಗ ನಿಮ್ಮ ಬಗ್ಗೆ ನಿಮಗೇನು ಅನ್ನಿಸಿತು ಎಂದರೆ ಸ್ವಬಿಂಬದ ಕಡೆಗೆ ದಾರಿಯಾಗುತ್ತದೆ.

ಮೈಸೂರು ಸ್ಯಾಂಡಲ್ ಪ್ರತಿಬಿಂಬ ಹೆಚ್ಚಿನವರ ಮನಸ್ಸಿನಲ್ಲಿ ಒಂದೇ ತೆರನಾಗಿದೆ. ನೆಲೆಗೊಂಡ ಸಂಸಾರದ ಗೃಹಿಣಿ, ಹಬ್ಬದ ದಿನ ರೇಷ್ಮೆ ಸೀರೆ ಉಡುವವಳು, ಮನೆಗೆ ಬೇಕಾದ್ದನ್ನು ಯೋಚಿಸಿ ತರುವವಳು. ಅದನ್ನು ಬಳಸುವ ಗಂಡಸರು, ಹಾಸ್ಟೆಲಿನ ವಿದ್ಯಾರ್ಥಿಗಳು ಬೇಕಾದಷ್ಟಿದ್ದರೂ ಚಿತ್ರದಲ್ಲಿ ಅವರು ಕಾಣುವುದಿಲ್ಲ. ಸ್ವಬಿಂಬ ಇನ್ನೂ ಸೂಕ್ಷ್ಮವಾದದ್ದು. ನಾಲ್ಕು ಕಾಸು ಹೆಚ್ಚಾದರೂ ಅಪ್ಪಟವಾದದ್ದನ್ನೇ ಆರಿಸುವವಳು, ಜಾಹೀರಾತಿನ ಥಳಕಿಗೆ ಮರುಳಾಗದವಳು ಎಂಬ ಸಮಾಧಾನ ಅದರಲ್ಲಿದೆ. ನಾಡಿನಿಂದ ದೂರ ಇರುವವರಿಗೆ ಅದರ ಜೊತೆ ಊರಿನ ನಂಟು ಬಿಟ್ಟಿಲ್ಲ ಎಂಬ ನೆಮ್ಮದಿಯೂ ಸೇರುತ್ತದೆ.

ಇದೇ ಗಂಧವನ್ನು ಹೇಳಿಕೊಳ್ಳುವ ಸಂತೂರ್ ಸೋಪನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ನಿಚ್ಚಳವಾಗುತ್ತದೆ. ವಿಪ್ರೋ ಸಮೂಹದ ಆ ಸೋಪು ಗಂಧ ಮತ್ತು ಅರಿಶಿನದ ಹೆಸರಿನಲ್ಲಿ ಬಂತು. ಅದರ ಜಾಹೀರಾತುಗಳಲ್ಲಿ ವರ್ಷಗಟ್ಟಲೆ ಒಂದೇ ಕಥೆ ಬರುತ್ತದೆ: ಎಳೆಯ ಹುಡುಗಿಯೆಂದು ಎಲ್ಲರೂ ಮೆಚ್ಚಿ ನೋಡುತ್ತಿರುವಾಗ ಮಗುವೊಂದು ಮಮ್ಮಿ ಎಂದು ಓಡಿಬಂದು ಅಪ್ಪಿಕೊಳ್ಳುತ್ತದೆ. ಅಲ್ಲಿನ ಪ್ರತಿಬಿಂಬ ವಯಸ್ಸೇ ತಿಳಿಯದ ತಾಯಿ, ಸ್ವಬಿಂಬ ತನ್ನ ತಾರುಣ್ಯ ಇನ್ನೂ ಮಾಸಿಲ್ಲ ಎಂಬ ಹಿಗ್ಗು. ಎರಡೂ ಗಂಧದ ಸೋಪುಗಳೇ, ಎರಡರ ನಂಟೂ ಬೆಂಗಳೂರಿನೊಂದಿಗೆ ಇದೆ. ಆದರೂ ಒಂದರ ಬಳಕೆದಾರಳು ವಯಸ್ಸನ್ನು ಮರೆಸಲು ಬಯಸುತ್ತಾಳೆ, ಇನ್ನೊಂದರವಳಿಗೆ ಆ ಚಿಂತೆಯೇ ಇಲ್ಲ. ವಸ್ತುವಿನ ಹೋಲಿಕೆಯಿಂದ ಬ್ರಾಂಡುಗಳು ಒಂದೇ ಆಗುವುದಿಲ್ಲ ಎಂಬುದು ಇಲ್ಲಿ ತಾನಾಗಿಯೇ ಕಾಣುತ್ತದೆ.

ಆರೂ ಮುಖಗಳು ಬರೆದಾದ ಮೇಲೆ ಪ್ರಿಸಂಅನ್ನು ಸಂಸ್ಥೆಯ ನಿರ್ಧಾರಗಳ ಮುಂದೆ ಹಿಡಿದು ನೋಡಬಹುದು. 2025ರ ಮೇ ತಿಂಗಳಲ್ಲಿ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಗಳ ಅವಧಿಗೆ 6.2 ಕೋಟಿ ರೂಪಾಯಿ ಸಂಭಾವನೆಯ ಮೇಲೆ ಬ್ರಾಂಡ್ ರಾಯಭಾರಿಯಾಗಿ ನೇಮಿಸಲಾಯಿತು. ಕನ್ನಡದ ಕಲಾವಿದರು ಇರುವಾಗ ಹೊರಗಿನವರೇಕೆ ಎಂದು ಹಲವರು ಆಕ್ಷೇಪಿಸಿದರು. ಕರ್ನಾಟಕದಾಚೆಯ ಮಾರುಕಟ್ಟೆಯನ್ನು ವಿಸ್ತರಿಸುವುದು ಉದ್ದೇಶ, ದೇಶದಾದ್ಯಂತ ಪರಿಚಿತ ಮುಖ ಬೇಕು ಎಂದು ಕೈಗಾರಿಕಾ ಸಚಿವ ಎಂ. ಬಿ. ಪಾಟೀಲ ಸಮರ್ಥಿಸಿಕೊಂಡರು. ಚರ್ಚೆ ಬಹುತೇಕ ಭಾಷೆ ಮತ್ತು ಅಭಿಮಾನದ ಸುತ್ತಲೇ ಸುತ್ತಿತು.

ಪ್ರಿಸಂ ಹಿಡಿದು ನೋಡಿದರೆ ಎರಡೂ ಕಡೆಯವರು ಬೇರೆ ಬೇರೆ ಮುಖಗಳ ಬಗ್ಗೆ ಮಾತನಾಡುತ್ತಿದ್ದರು ಎಂಬುದು ತಿಳಿಯುತ್ತದೆ. ಸಂಸ್ಥೆ ಮುಟ್ಟಲು ಹೊರಟದ್ದು ಪ್ರತಿಬಿಂಬವನ್ನು. ಈ ಸೋಪು ಅಮ್ಮಂದಿರದ್ದು ಎಂಬ ಚಿತ್ರ ಹೀಗೇ ಉಳಿದರೆ ಮುಂದಿನ ತಲೆಮಾರು ಅದನ್ನು ಗೌರವದಿಂದ ನೋಡುತ್ತದೆ, ಆದರೆ ಕೊಳ್ಳುವುದಿಲ್ಲ. ಎಳೆಯ, ದೇಶಕ್ಕೆಲ್ಲ ಗೊತ್ತಿರುವ ಮುಖವೊಂದರಿಂದ ಆ ಚಿತ್ರವನ್ನು ಬದಲಿಸಬಹುದು ಎಂಬ ಲೆಕ್ಕ ತರ್ಕಬದ್ಧವೇ. ಆಕ್ಷೇಪಿಸಿದವರು ಮಾತನಾಡಿದ್ದು ಸಂಸ್ಕೃತಿ ಮತ್ತು ಸಂಬಂಧಗಳ ಬಗ್ಗೆ. ಇದು ನಾಡಿನ ಆಸ್ತಿ, ತವರಿನ ಉಡುಗೊರೆ ಎಂದು ನೂರು ವರ್ಷ ಹೇಳಿಕೊಂಡು ಬಂದ ಬ್ರಾಂಡು ತವರಿನ ಮುಖವನ್ನೇ ತೋರಿಸಲಿ ಎಂಬ ನಿರೀಕ್ಷೆ ಆ ಎರಡು ಮುಖಗಳಿಂದ ಸಹಜವಾಗಿ ಹುಟ್ಟುತ್ತದೆ. ಕನ್ನಡಿಗರಿಗೆ ಸಂಬಂಧ ತವರಿನದು, ಹೊರರಾಜ್ಯದ ಗ್ರಾಹಕರಿಗೆ ಹೆಸರಾಂತ ಊರಿನಿಂದ ಬಂದ ಹೆಸರಾಂತ ಸರಕಿನದು. ಒಂದೇ ಜಾಹೀರಾತು ಈ ಎರಡೂ ಸಂಬಂಧಗಳಿಗೆ ಸಲ್ಲಬೇಕಾದಾಗ ಕಷ್ಟ ಬರುತ್ತದೆ.

ಇದಕ್ಕೂ ಮೊದಲು 2006ರಲ್ಲಿ ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿ ಇದೇ ಸೋಪಿನ ರಾಯಭಾರಿಯಾಗಿದ್ದರು. ಹಾಗಾಗಿ ಹೊರರಾಜ್ಯದ ತಾರೆ ಎಂಬುದೇ ಅಸ್ಮಿತೆಗೆ ವಿರುದ್ಧ ಎನ್ನಲಾಗದು. ಪ್ರಿಸಂ ಕೇಳುವ ಪ್ರಶ್ನೆ ಬೇರೆ: ಆ ತಾರೆಯನ್ನು ಯಾವ ದನಿಯಲ್ಲಿ, ಯಾವ ಸನ್ನಿವೇಶದಲ್ಲಿ ತೋರಿಸಲಾಗುತ್ತದೆ? ತಾರೆಯ ಥಳುಕೇ ಜಾಹೀರಾತಿನ ವಿಷಯವಾದರೆ ಮಿತಭಾಷಿ ವ್ಯಕ್ತಿತ್ವಕ್ಕೆ ಪೆಟ್ಟು ಬೀಳುತ್ತದೆ. ಥಳಕಿಗೆ ಮರುಳಾಗದವಳು ಎಂಬ ಸ್ವಬಿಂಬಕ್ಕೂ ಅದು ಒಗ್ಗುವುದಿಲ್ಲ. ಅದೇ ತಾರೆ ಗಂಧದ ಕಾಡು, ಭಟ್ಟಿ, ಶರಭದ ಡಬ್ಬಿಗಳ ನಡುವೆ ಕಾಣಿಸಿಕೊಂಡರೆ ಪ್ರತಿಬಿಂಬ ಹೊಸದಾಗುತ್ತದೆ, ಉಳಿದ ಐದು ಮುಖಗಳು ಇದ್ದಲ್ಲೇ ಇರುತ್ತವೆ. ಒಂದು ಸಲಕ್ಕೆ ಒಂದು ಮುಖವನ್ನು ಬದಲಿಸಿ ಉಳಿದವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು ಹಳೆಯ ಬ್ರಾಂಡುಗಳಿಗೆ ಕ್ಷೇಮವಾದ ದಾರಿ.

ಹೊಸ ಉತ್ಪನ್ನಗಳನ್ನೂ ಇದೇ ರೀತಿ ಒರೆಗೆ ಹಚ್ಚಬಹುದು. 2012ರಲ್ಲಿ ಸಂಸ್ಥೆ ಮಿಲೇನಿಯಂ ಎಂಬ ದುಬಾರಿ ಸೋಪನ್ನು ತಂದಿತು. 150 ಗ್ರಾಂ ತೂಕದ ಒಂದು ಸೋಪಿಗೆ 720 ರೂಪಾಯಿ. ಬೆಲೆ ಕೇಳಿ ಜನ ಹುಬ್ಬೇರಿಸಿದರೂ ದೇಹರೂಪ, ಸಂಸ್ಕೃತಿ, ಸಂಬಂಧಗಳಿಗೆ ಅದು ಅಡ್ಡ ಬರುವುದಿಲ್ಲ. ಗಂಧದೆಣ್ಣೆ ಬೆಲೆಬಾಳುವಂಥದ್ದು, ಒಡವೆಪೆಟ್ಟಿಗೆಯ ರೂಪ ಮೊದಲಿನದ್ದೇ, ಉಡುಗೊರೆ ಕೊಡುವ ರೂಢಿಯೂ ಇದೆ. ಮಾರ್ಜಕದ ಪುಡಿಯನ್ನು ಇದೇ ಮೈಸೂರು ಸ್ಯಾಂಡಲ್ ಹೆಸರಿನಲ್ಲಿ ಮಾರಿದ್ದರೆ ಬೆಲೆ ಕಡಿಮೆಯಿದ್ದರೂ ಗಂಧದ ಪಾವಿತ್ರ್ಯ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಂದು ನಿಲ್ಲುತ್ತಿತ್ತು.

ಪ್ರಿಸಂ ಚೆನ್ನಾಗಿ ಮೂಡಿದೆಯೇ ಎಂದು ತಿಳಿಯಲು ಕಾಪ್ಫೆರೆರ್ ಮೂರು ಲಕ್ಷಣಗಳನ್ನು ಹೇಳುತ್ತಾರೆ. ಪ್ರತಿ ಮುಖದಲ್ಲಿ ಮಾತುಗಳು ಕಡಿಮೆ ಇರಬೇಕು, ಒಂದು ಮುಖದ ಮಾತು ಇನ್ನೊಂದರಲ್ಲಿ ಮರಳಿ ಬರಬಾರದು, ಮಾತುಗಳು ಸಪ್ಪೆಯಾಗಿರಬಾರದು. ಗುಣಮಟ್ಟ, ವಿಶ್ವಾಸ, ಹೊಸತನ ಎಂಬ ಪದಗಳು ಕಂಡರೆ ಆ ಹಾಳೆಯನ್ನು ಮತ್ತೆ ಬರೆಯಬೇಕು. ಬ್ರಾಂಡಿನ ಹೆಸರನ್ನು ಮುಚ್ಚಿ ಪ್ರಿಸಂಅನ್ನು ಆ ವ್ಯಾಪಾರ ಬಲ್ಲವರ ಕೈಗೆ ಕೊಟ್ಟು ಇದು ಯಾವುದು ಎಂದು ಕೇಳುವುದು ಇನ್ನೊಂದು ಉಪಾಯ. ಅವರು ಎರಡು ಮೂರು ಹೆಸರು ಹೇಳಿದರೆ ಬರೆದದ್ದು ಸರಕಿನ ವರ್ಣನೆಯಾಗಿದೆ, ಬ್ರಾಂಡಿನದ್ದಲ್ಲ.

ಈ ಸಾಧನಕ್ಕೆ ಮಿತಿಗಳೂ ಇವೆ. ಪ್ರಿಸಂ ಏನನ್ನೂ ಅಳೆಯುವುದಿಲ್ಲ. ಅದರಲ್ಲಿರುವುದು ಬ್ರಾಂಡಿನವರು ಒಪ್ಪಿಕೊಂಡ ಅಸ್ಮಿತೆ. ಜನರ ಮನಸ್ಸಿನಲ್ಲಿ ನಿಜವಾಗಿ ಇರುವ ಚಿತ್ರ ಬೇರೆಯೇ ಇರಬಹುದು. ಅದಕ್ಕಾಗಿ ಸಂಸ್ಥೆಯವರು ಬರೆದ ಹಾಳೆಯ ಪಕ್ಕದಲ್ಲಿ ಬಳಕೆದಾರರ ಮಾತುಗಳಿಂದ ಇನ್ನೊಂದು ಪ್ರಿಸಂ ಕಟ್ಟಿ ಹೋಲಿಸುವುದುಂಟು. ಮೈಸೂರು ಸ್ಯಾಂಡಲ್ ವಿಷಯದಲ್ಲಿ ದೇಹರೂಪದ ಚೌಕ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗಿರುವ ಸಾಧ್ಯತೆ ಹೆಚ್ಚು. ಪ್ರತಿಬಿಂಬದ ಚೌಕದಲ್ಲಿ ವ್ಯತ್ಯಾಸ ಕಂಡರೆ ಅದು ಜಾಹೀರಾತು ವಿಭಾಗ ಸರಿಪಡಿಸಬಹುದಾದ ಕೆಲಸ. ವ್ಯತ್ಯಾಸ ಪರಿಮಳದಲ್ಲೇ ಕಂಡುಬಂದು, ಮೊದಲಿನ ವಾಸನೆ ಈಗಿಲ್ಲ ಎಂದು ಬಳಕೆದಾರರು ಹೇಳತೊಡಗಿದರೆ ಆ ಕಾಗದ ಹೋಗಬೇಕಾದ್ದು ಜಾಹೀರಾತು ವಿಭಾಗಕ್ಕಲ್ಲ, ಎಣ್ಣೆ ಬೆರೆಸುವ ಕಾರ್ಖಾನೆಗೆ.